ಕಾರ್ನ್‌ಫ್ಲೋರ್ ಪೇಸ್ಟ್ರಿ ಕ್ರೀಮ್: ಗಂಟಿಲ್ಲದೆ, ಹಸಿ ವಾಸನೆಯಿಲ್ಲದೆ, ಮೇಲೆ ಪೊರೆ ಕಟ್ಟದ ಹಾಗೆ ಮಾಡುವ ಸಮಗ್ರ ಮಾರ್ಗದರ್ಶಿ

ಎಕ್ಲೇರ್, ಹಣ್ಣಿನ ಟಾರ್ಟ್, ಕ್ರೀಮ್ ಬನ್, ಪಫ್ ಪೇಸ್ಟ್ರಿ ಪದರಗಳ ನಡುವಿನ ಹೂರಣ ಇವೆಲ್ಲಕ್ಕೂ ಬೇಕಾಗುವುದು ಒಂದೇ ಕ್ರೀಮ್. ಹಾಲು, ಮೊಟ್ಟೆಯ ಹಳದಿ, ಸಕ್ಕರೆಗಳನ್ನು ಕಾರ್ನ್‌ಫ್ಲೋರ್‌ನಿಂದ ಮಂದ ಮಾಡಿದ ಈ ಕ್ರೀಮನ್ನು ಫ್ರಾನ್ಸಿನ ಬೇಕರಿಗಳಲ್ಲಿ ಕ್ರೆಮ್ ಪಾಟಿಸಿಯೆರ್ ಎನ್ನುತ್ತಾರೆ. ಸಾಮಾನು ನಾಲ್ಕೈದೇ, ಒಲೆಯ ಮೇಲಿನ ಕೆಲಸ ಹತ್ತು ನಿಮಿಷದ್ದು. ಆದರೂ ಇದು ಕೆಡುವುದು ಹೆಚ್ಚು, ಮತ್ತು ಕೆಟ್ಟಾಗ ಬಹುಪಾಲು ಕಾರಣ ಒಂದೇ: ಮಂದವಾದ ಕೂಡಲೇ ಬೆಂದಿತು ಎಂದುಕೊಂಡು ಒಲೆ ಆರಿಸುವುದು. ಮಂದವಾಗುವುದೇ ಬೇರೆ, ಬೇಯುವುದೇ ಬೇರೆ. ಈ ಎರಡರ ನಡುವಿನ ಒಂದೆರಡು ನಿಮಿಷದಲ್ಲಿ ಕ್ರೀಮಿನ ರುಚಿಯೂ ಮಾರನೆಯ ದಿನದ ಗಟ್ಟಿತನವೂ ನಿರ್ಧಾರವಾಗುತ್ತವೆ.

ಅರ್ಧ ಲೀಟರ್ ಹಾಲಿನ ಅಳತೆ

ಇದರಲ್ಲಿ ಸುಮಾರು 700 ಗ್ರಾಂ ಕ್ರೀಮ್ ಸಿಗುತ್ತದೆ.

- ಹಾಲು 500 ಮಿ.ಲೀ.
- ಸಕ್ಕರೆ 100 ಗ್ರಾಂ
- ಮೊಟ್ಟೆಯ ಹಳದಿ 80 ಗ್ರಾಂ (ನಮ್ಮಲ್ಲಿ ಸಿಗುವ ಸಾಮಾನ್ಯ ಗಾತ್ರದ ಮೊಟ್ಟೆಯಾದರೆ 5)
- ಕಾರ್ನ್‌ಫ್ಲೋರ್ 40 ಗ್ರಾಂ (ಮಟ್ಟಸವಾಗಿ ಸವರಿದ 5 ದೊಡ್ಡ ಚಮಚ)
- ಉಪ್ಪಿಲ್ಲದ ಬೆಣ್ಣೆ 40 ಗ್ರಾಂ, ತಣ್ಣಗಿರುವುದು, ಚಿಕ್ಕ ತುಂಡುಗಳಾಗಿ
- ವೆನಿಲ್ಲಾ ಎಸೆನ್ಸ್ ಒಂದೂವರೆ ಟೀ ಚಮಚ, ಒಂದು ಚಿಟಿಕೆ ಉಪ್ಪು

ಕಾರ್ನ್‌ಫ್ಲೋರ್ ಎಂದರೆ ಬಿಳಿಯ, ಕೈಗೆ ನುಣ್ಣಗೆ ಹತ್ತಿ ಒತ್ತಿದರೆ ಕರಕರ ಎನ್ನುವ ಪಿಷ್ಟ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟಿನಿಂದ ಈ ಕ್ರೀಮ್ ಆಗುವುದಿಲ್ಲ. ಅಳತೆಯನ್ನು ತೂಗಿಯೇ ತೆಗೆದುಕೊಳ್ಳಿ. ಚಮಚವನ್ನು ಗೋಪುರವಾಗಿ ತುಂಬಿದರೆ 40 ಗ್ರಾಂ ಇರಬೇಕಾದ್ದು ಸುಲಭವಾಗಿ 60 ದಾಟುತ್ತದೆ. ಅಷ್ಟಾದ ಮೇಲೆ ಎಷ್ಟು ಬೇಯಿಸಿದರೂ ನಾಲಿಗೆಗೆ ಹಿಟ್ಟು ಸಿಗುವುದು ತಪ್ಪುವುದಿಲ್ಲ. ಟಾರ್ಟ್‌ಗೆ ಮೆತ್ತಗಿನ ಕ್ರೀಮ್ ಬೇಕಿದ್ದರೆ 35 ಗ್ರಾಂ ಸಾಕು. ಕೇಕ್ ಪದರಗಳ ನಡುವೆ ಭಾರ ತಡೆಯಬೇಕಿದ್ದರೆ 45 ಗ್ರಾಂವರೆಗೆ ಹೋಗಬಹುದು. ಅದಕ್ಕಿಂತ ಮುಂದೆ ಹೋಗುವುದು ಬೇಡ.

ಹಾಲು ಕೆನೆಯಿರುವ ಗಟ್ಟಿ ಹಾಲಾಗಲಿ. ನಂದಿನಿ ಶುಭಂ ಥರದ, ಕೊಬ್ಬಿನಂಶ ಶೇ. 4.5ರಷ್ಟಿರುವ ಪ್ಯಾಕೆಟ್ ಹಾಲು ಚೆನ್ನಾಗಿ ಒಗ್ಗುತ್ತದೆ. ಬೆಳಿಗ್ಗೆ ಕಾಯಿಸಿಟ್ಟ ಹಾಲನ್ನು ಬಳಸುವುದಾದರೆ ಮೇಲಿನ ಕೆನೆಯನ್ನು ಪೂರ್ತಿ ತೆಗೆದು, ಹಾಲನ್ನು ಒಮ್ಮೆ ಸೋಸಿಕೊಳ್ಳಿ. ಆ ಕೆನೆಯ ಎಳೆಗಳು ಕ್ರೀಮಿನಲ್ಲಿ ಕರಗದೆ ಉಳಿದು, ನೋಡುವವರಿಗೆ ಗಂಟು ಕಟ್ಟಿದಂತೆಯೇ ಕಾಣುತ್ತವೆ.

ಪಾತ್ರೆ ದಪ್ಪ ತಳದ ಸ್ಟೀಲಿನದಿರಲಿ. ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ತಂತಿಯ ವಿಸ್ಕ್ ಉಜ್ಜಿದರೆ ಕ್ರೀಮಿಗೆ ಬೂದು ಬಣ್ಣ ಇಳಿಯುತ್ತದೆ. ಒಲೆ ಹಚ್ಚುವ ಮುಂಚೆಯೇ ಜರಡಿ, ಅಗಲವಾದ ತಟ್ಟೆ, ಮೇಲೆ ಮುಚ್ಚುವ ಹಾಳೆ, ಬೆಣ್ಣೆ ಎಲ್ಲವೂ ಕೈಗೆಟುಕುವಲ್ಲಿರಬೇಕು. ಕ್ರೀಮ್ ಕುದಿಯತೊಡಗಿದ ಮೇಲೆ ಜರಡಿ ಹುಡುಕಲು ಹೋದರೆ ತಳ ಹಿಡಿಯುತ್ತದೆ.

ಗಂಟು ಕಟ್ಟುವುದು ಎಲ್ಲೆಲ್ಲಿ

ಪಿಷ್ಟದ ಕಣ ತಣ್ಣೀರಿನಲ್ಲಿ ಉಬ್ಬುವುದಿಲ್ಲ, ಸುಮ್ಮನೆ ಕದಡಿಕೊಂಡಿರುತ್ತದೆ. ಬಿಸಿ 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ನೀರು ಹೀರಿ ಉಬ್ಬತೊಡಗುತ್ತದೆ. ಒಣ ಹಿಟ್ಟಿನ ಮುದ್ದೆಯೊಂದು ನೇರ ಬಿಸಿ ಹಾಲಿಗೆ ಬಿದ್ದರೆ ಅದರ ಹೊರಮೈ ಕೂಡಲೇ ಉಬ್ಬಿ ಅಂಟಾಗುತ್ತದೆ. ಆ ಅಂಟನ್ನು ದಾಟಿ ನೀರು ಒಳಗೆ ಇಳಿಯಲಾರದು, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ರಾಗಿ ಗಂಜಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಕುದಿಯುವ ನೀರಿಗೆ ಹಾಕುವುದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲು 40 ಗ್ರಾಂ ಕಾರ್ನ್‌ಫ್ಲೋರನ್ನು ಜರಡಿ ಹಿಡಿದು, ಅರ್ಧ ಸಕ್ಕರೆ, ಅಂದರೆ 50 ಗ್ರಾಂ, ಜೊತೆ ಒಣಗಿದ್ದಾಗಲೇ ಬೆರೆಸಿ. ಸಕ್ಕರೆಯ ಹರಳುಗಳು ಹಿಟ್ಟಿನ ಕಣಗಳ ನಡುವೆ ಸೇರಿಕೊಂಡು ಅವನ್ನು ಬಿಡಿಬಿಡಿಯಾಗಿ ಇಡುತ್ತವೆ. ಇದಕ್ಕೆ ಮೊಟ್ಟೆಯ ಹಳದಿ, ಉಪ್ಪು, 500 ಮಿ.ಲೀ. ಹಾಲಿನಿಂದಲೇ ತೆಗೆದ 3 ದೊಡ್ಡ ಚಮಚ ತಣ್ಣನೆಯ ಹಾಲು ಸೇರಿಸಿ ವಿಸ್ಕ್‌ನಿಂದ ಕಲಸಿ. ಬಟ್ಟಲಿನ ಅಂಚನ್ನೂ ಒಮ್ಮೆ ಸ್ಪ್ಯಾಚುಲಾದಿಂದ ಕೆರೆದುಕೊಳ್ಳಿ, ಒಣ ಹಿಟ್ಟು ಅಡಗಿಕೊಳ್ಳುವುದು ಅಲ್ಲೇ. ವಿಸ್ಕ್ ಎತ್ತಿದಾಗ ಇಳಿಯುವ ಧಾರೆಯಲ್ಲಿ ಬಿಳಿ ಚುಕ್ಕೆ ಒಂದೂ ಕಾಣಬಾರದು.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಹಳದಿಯ ಮೇಲೆ ಸಕ್ಕರೆ ಸುರಿದು ಕಲಸದೆ ಬಿಟ್ಟರೆ ಸಕ್ಕರೆ ಹಳದಿಯ ನೀರನ್ನು ಎಳೆದುಕೊಂಡು ಗಟ್ಟಿ ಹಳದಿ ಚೂರುಗಳಾಗುತ್ತವೆ. ಅವು ಮುಂದೆ ಕರಗುವುದಿಲ್ಲ. ಇನ್ನೊಂದು, ಕಲಸಿಟ್ಟ ಮಿಶ್ರಣವನ್ನು ಐದು ನಿಮಿಷ ಬಿಟ್ಟರೂ ಕಾರ್ನ್‌ಫ್ಲೋರ್ ತಳಕ್ಕಿಳಿದು ಗಟ್ಟಿಯಾಗಿ ಕೂರುತ್ತದೆ. ಮೇಲೆ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಹಾಗೇ ಬಿಸಿ ಹಾಲು ಸುರಿದರೆ ತಳದ ಆ ಪದರವೇ ಗಂಟಾಗುತ್ತದೆ. ಹಾಲು ಸುರಿಯುವ ಮುನ್ನ ತಳ ಮುಟ್ಟಿ ಮತ್ತೊಮ್ಮೆ ಕದಡಲೇಬೇಕು.

ಉಳಿದ ಸಕ್ಕರೆಯನ್ನು ಹಾಲಿಗೆ ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಿ. ಉಕ್ಕಿ ಬರುವವರೆಗೆ ಬೇಡ, ಹಬೆಯೆದ್ದು ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಸಾಕು. ಮೊಟ್ಟೆಯ ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಬಟ್ಟಲು ಜಾರುವುದಿಲ್ಲ, ಎರಡೂ ಕೈ ಬಿಡುವಾಗಿರುತ್ತವೆ. ಒಂದು ಕೈಯಲ್ಲಿ ಸಣ್ಣ ಧಾರೆಯಾಗಿ ಹಾಲು ಹೊಯ್ಯುತ್ತ, ಇನ್ನೊಂದು ಕೈಯಲ್ಲಿ ನಿಲ್ಲಿಸದೆ ಕದಡಬೇಕು. ಮೂರನೇ ಒಂದು ಭಾಗದಷ್ಟು ಹಾಲು ಹೀಗೆ ನಿಧಾನವಾಗಿ ಹೋಗಲಿ, ಅಷ್ಟರಲ್ಲಿ ಮೊಟ್ಟೆ ಬಿಸಿಗೆ ಹೊಂದಿಕೊಂಡಿರುತ್ತದೆ. ಉಳಿದದ್ದನ್ನು ಬೇಗ ಸುರಿಯಬಹುದು. ಎಲ್ಲವನ್ನೂ ಜರಡಿಯ ಮೂಲಕ ಅದೇ ಪಾತ್ರೆಗೆ ಮರಳಿ ಸೋಸಿಕೊಳ್ಳಿ. ಹಾಲಿನ ಪಾತ್ರೆಯ ತಳ ಹಿಡಿದಿದ್ದರೆ ಮಾತ್ರ ಬೇರೆ ಪಾತ್ರೆ ತೆಗೆದುಕೊಳ್ಳಿ.

ಒಲೆಯ ಮೇಲೆ: ಮಂದವಾದ ಮೇಲಿನ ಒಂದು ನಿಮಿಷ

ಮಧ್ಯಮ ಉರಿ. ವಿಸ್ಕ್ ಪಾತ್ರೆಯ ಮೂಲೆಗಳನ್ನೂ ನಡುವನ್ನೂ ಮುಟ್ಟುತ್ತಿರಲಿ. ಮೊದಲ ಎರಡು ಮೂರು ನಿಮಿಷ ಏನೂ ಆಗದಂತೆ ಕಾಣುತ್ತದೆ, ಹಾಲು ನೀರಾಗಿಯೇ ಇರುತ್ತದೆ. ಮೇಲಿನ ನೊರೆ ಕಡಿಮೆಯಾಗತೊಡಗಿದರೆ ಮಂದವಾಗುವ ಹೊತ್ತು ಹತ್ತಿರ ಬಂದಿದೆ ಎಂದರ್ಥ. ಆಮೇಲೆ ಒಮ್ಮೆಲೇ ತಳದಿಂದ ಗಟ್ಟಿಯಾಗತೊಡಗುತ್ತದೆ. ಈ ಗಳಿಗೆಯಲ್ಲಿ ಕ್ರೀಮ್ ಗಂಟುಗಂಟಾಗಿ ಒಡೆದಂತೆ ಕಾಣುವುದು ಸಹಜ. ತಳದ ಭಾಗ ಉಬ್ಬಿದೆ, ಮೇಲಿನದು ಇನ್ನೂ ಇಲ್ಲ, ಅಷ್ಟೇ. ಪಾತ್ರೆಯನ್ನು ಒಲೆಯಿಂದ ಇಳಿಸಿ ಹತ್ತು ಹದಿನೈದು ಸೆಕೆಂಡ್ ಜೋರಾಗಿ ಕದಡಿ. ಮತ್ತೆ ನುಣುಪಾಗುತ್ತದೆ. ಈಗ ಉರಿ ಸ್ವಲ್ಪ ತಗ್ಗಿಸಿ ಪಾತ್ರೆಯನ್ನು ಮತ್ತೆ ಇಡಿ.

ಹೆಚ್ಚಿನವರು ನಿಲ್ಲಿಸುವುದು ಇಲ್ಲೇ. ಕ್ರೀಮ್ ಚಮಚಕ್ಕೆ ಅಂಟುತ್ತಿದೆ, ಇನ್ನು ಬಿಟ್ಟರೆ ಮೊಟ್ಟೆ ಒಡೆಯುತ್ತದೆ ಎಂಬ ಭಯ. ಕಾರ್ನ್‌ಫ್ಲೋರ್ ಇಲ್ಲದ ಕಸ್ಟರ್ಡಿಗೆ ಆ ಭಯ ಸರಿಯಾದದ್ದೇ, ಅದು 85 ಡಿಗ್ರಿ ದಾಟಿದರೆ ಒಡೆಯುತ್ತದೆ. ಇಲ್ಲಿ ಉಬ್ಬಿದ ಪಿಷ್ಟವು ಮೊಟ್ಟೆಯ ಪ್ರೋಟೀನ್‌ಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳದಂತೆ ತಡೆಯುತ್ತದೆ. ಹಾಗಾಗಿ ಕದಡುತ್ತಿರುವವರೆಗೆ ಈ ಕ್ರೀಮ್ ಕುದಿಯನ್ನು ತಡೆದುಕೊಳ್ಳುತ್ತದೆ.

ಕುದಿಯಲೇಬೇಕು ಎನ್ನುವುದಕ್ಕೆ ಎರಡು ಕಾರಣಗಳಿವೆ. ಮಂದವಾಗತೊಡಗಿದಾಗ ಪಿಷ್ಟದ ಕಣಗಳಲ್ಲಿ ಎಲ್ಲವೂ ಪೂರ್ತಿ ಉಬ್ಬಿರುವುದಿಲ್ಲ. ಸಕ್ಕರೆಯೂ ನೀರಿಗಾಗಿ ಪೈಪೋಟಿ ಮಾಡುವುದರಿಂದ ಅವು ಉಬ್ಬುವುದು ಇನ್ನಷ್ಟು ತಡ. ಅರೆಬರೆ ಉಬ್ಬಿದ ಕಣಗಳೇ ನಾಲಿಗೆಗೆ ಸೀಮೆಸುಣ್ಣದ ಪುಡಿಯಂತೆ ತಾಗುವುದು, ಹಸಿ ಹಿಟ್ಟಿನ ವಾಸನೆ ಕೊಡುವುದು. ಎರಡನೆಯ ಕಾರಣ ಕಣ್ಣಿಗೆ ಕಾಣದ್ದು. ಮೊಟ್ಟೆಯ ಹಳದಿಯಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ, ಪಿಷ್ಟವನ್ನು ಕತ್ತರಿಸುವುದೇ ಅದರ ಕೆಲಸ. ಕುದಿಯ ಬಿಸಿ ತಾಗದಿದ್ದರೆ ಅದು ಸಾಯುವುದಿಲ್ಲ, ಫ್ರಿಜ್ಜಿನಲ್ಲಿಟ್ಟ ಮೇಲೂ ರಾತ್ರಿಯೆಲ್ಲ ಕೆಲಸ ಮಾಡುತ್ತಿರುತ್ತದೆ.

ಕ್ರೀಮ್ ಗಟ್ಟಿಯಾಗಿರುವುದರಿಂದ ಕುದಿ ಬಂದದ್ದು ತಾನಾಗಿ ಗೊತ್ತಾಗುವುದಿಲ್ಲ. ವಿಸ್ಕ್ ಆಡುತ್ತಿದ್ದರಂತೂ ಗುಳ್ಳೆ ಕಾಣುವುದೇ ಇಲ್ಲ. ಅದಕ್ಕೆ ಮೂರು ನಾಲ್ಕು ಸೆಕೆಂಡ್ ಕೈ ನಿಲ್ಲಿಸಿ ನಡುಭಾಗವನ್ನು ನೋಡಿ. ದಪ್ಪ ಗುಳ್ಳೆಯೊಂದು ನಿಧಾನವಾಗಿ ಮೇಲೆದ್ದು ಬುಳುಕ್ ಎಂದು ಒಡೆದರೆ ಅದು ಕುದಿ. ಆ ಮೊದಲ ಗುಳ್ಳೆಯಿಂದ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ, ಸಣ್ಣ ಉರಿಯಲ್ಲಿ, ನಿಲ್ಲಿಸದೆ ಕದಡುತ್ತ ಬೇಯಿಸಿ. ಗುಳ್ಳೆ ಬಿಸಿಯಾಗಿ ಸಿಡಿಯುತ್ತದೆ, ತೋಳು ಮುಚ್ಚಿಕೊಂಡಿರಲಿ.

ಈ ಒಂದು ನಿಮಿಷದಲ್ಲಿ ಆಗುವ ಬದಲಾವಣೆ ಹತ್ತಿರದಿಂದ ನೋಡಿದರೆ ಸ್ಪಷ್ಟ. ಮಂಕಾಗಿದ್ದ ಮೇಲ್ಮೈಗೆ ಹೊಳಪು ಬರುತ್ತದೆ. ವಿಸ್ಕ್ ಎಳೆದ ಗೆರೆಗಳ ಅಂಚು ಮೊದಲು ಹರಿದಂತೆ ಒರಟಾಗಿತ್ತು, ಈಗ ನಯವಾಗುತ್ತದೆ. ಕೈಗೆ ಸಿಗುವ ಬಿಗಿಯೂ ಒಂದಿಷ್ಟು ಸಡಿಲವಾದಂತೆ ಅನ್ನಿಸುತ್ತದೆ. ಹಿಟ್ಟಿನ ವಾಸನೆ ಹೋಗಿ ಹಾಲು ಮೊಟ್ಟೆಯ ಪರಿಮಳ ಮುಂದೆ ಬರುತ್ತದೆ. ತಣ್ಣಗಾದ ಮೇಲೆ ಸ್ವಲ್ಪವನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ನೋಡಿ, ಪುಡಿ ತಾಗಬಾರದು. ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬೇಡಿ. ನೈರ್ಮಲ್ಯದ ಮಾತು ಹಾಗಿರಲಿ, ನಮ್ಮ ಎಂಜಲಿನಲ್ಲೂ ಅಮೈಲೇಸ್ ಇದೆ. ಒಂದು ಚಮಚದ ಎಂಜಲೂ ತಣ್ಣಗಾದ ಕ್ರೀಮನ್ನು ಸಡಿಲಿಸಬಲ್ಲದು.

ಹಾಗೆಂದು ಐದಾರು ನಿಮಿಷ ಕುದಿಸುವುದೂ ಬೇಡ. ಪೂರ್ತಿ ಉಬ್ಬಿದ ಕಣಗಳು ಬಿಸಿಗೂ ವಿಸ್ಕ್ ಹೊಡೆತಕ್ಕೂ ಒಡೆಯತೊಡಗಿದರೆ ಕ್ರೀಮ್ ಮತ್ತೆ ತೆಳುವಾಗುತ್ತದೆ. ಅರ್ಧ ಲೀಟರಿಗೆ ಒಂದರಿಂದ ಎರಡು ನಿಮಿಷ ಸಾಕು. ಎರಡು ಲೀಟರ್ ಒಟ್ಟಿಗೆ ಮಾಡುವುದಾದರೆ ಪಾತ್ರೆಯ ಎಲ್ಲ ಭಾಗವೂ ಕುದಿ ಮುಟ್ಟಲಿ ಎಂದು ಎರಡೂವರೆ ನಿಮಿಷದವರೆಗೆ ಕೊಡಬಹುದು.

ಬೆಣ್ಣೆ, ಸೋಸುವುದು, ಪೊರೆ

ಒಲೆಯಿಂದ ಇಳಿಸಿದ ಕೂಡಲೇ, ಬಿಸಿ ಇರುವಾಗಲೇ, ಜರಡಿಗೆ ಸುರಿದು ಸ್ಪ್ಯಾಚುಲಾದಿಂದ ಒತ್ತಿ ಸೋಸಿ. ಎಷ್ಟೇ ಚೆನ್ನಾಗಿ ಬಂದಿದ್ದರೂ ಈ ಕೆಲಸ ಬಿಡಬೇಡಿ, ಮೊಟ್ಟೆಯ ಬಿಳಿಯ ಒಂದೆರಡು ಎಳೆ ಜರಡಿಯಲ್ಲಿ ಸಿಕ್ಕೇ ಸಿಗುತ್ತದೆ. ಎರಡು ಮೂರು ನಿಮಿಷ ಆರಲು ಬಿಟ್ಟು, 60 ಡಿಗ್ರಿಯಷ್ಟು ಬಿಸಿಯಿರುವಾಗ ತಣ್ಣನೆಯ ಬೆಣ್ಣೆಯನ್ನು ಒಂದೊಂದೇ ತುಂಡಾಗಿ ಕದಡಿ ಸೇರಿಸಿ. ಕುದಿಯುವ ಕ್ರೀಮಿಗೆ ಹಾಕಿದರೆ ಬೆಣ್ಣೆ ಎಣ್ಣೆಯಾಗಿ ಬೇರ್ಪಡುವುದುಂಟು. ಪರಿಮಳ ಹಾರಿಹೋಗದಿರಲು ವೆನಿಲ್ಲಾವನ್ನೂ ಈಗಲೇ ಹಾಕಬೇಕು.

ಪೊರೆ ಕಟ್ಟುವುದಕ್ಕೆ ಕಾರಣ ಗಾಳಿ. ಬಿಸಿ ಕ್ರೀಮಿನ ಮೇಲ್ಮೈಯಿಂದ ನೀರು ಆವಿಯಾಗುತ್ತಿದ್ದಂತೆ ಅಲ್ಲಿನ ಹಾಲಿನ ಪ್ರೋಟೀನ್ ಮತ್ತು ಪಿಷ್ಟ ಒತ್ತಾಗಿ, ಒಣಗಿ, ರಬ್ಬರಿನಂಥ ಹಾಳೆಯಾಗುತ್ತದೆ. ಪಾತ್ರೆಗೆ ತಟ್ಟೆ ಮುಚ್ಚಿದರೆ ಇದು ನಿಲ್ಲುವುದಿಲ್ಲ. ನಡುವೆ ಗಾಳಿ ಇದ್ದೇ ಇರುತ್ತದೆ, ಸಾಲದ್ದಕ್ಕೆ ಮುಚ್ಚಳಕ್ಕೆ ಕಟ್ಟಿದ ಹನಿಗಳು ಕ್ರೀಮಿನ ಮೇಲೆ ಬಿದ್ದು ನೀರಿನ ಗುಳಿಗಳಾಗುತ್ತವೆ. ಹೊದಿಕೆ ಕ್ರೀಮನ್ನು ಮುಟ್ಟಿಕೊಂಡೇ ಇರಬೇಕು.

ಕ್ರೀಮನ್ನು ಅಗಲವಾದ ತಟ್ಟೆಗೆ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಬಿಸಿ ತಡೆಯುವ, ಆಹಾರಕ್ಕೆ ಯೋಗ್ಯವಾದ ಕ್ಲಿಂಗ್ ಫಿಲ್ಮನ್ನು ನಡುವಿನಿಂದ ಅಂಚಿನ ಕಡೆಗೆ ಕೈಯಿಂದ ಸವರುತ್ತ ಗಾಳಿ ಉಳಿಯದಂತೆ ಅಂಟಿಸಿ. ಅಂಥ ಫಿಲ್ಮ್ ಇಲ್ಲದಿದ್ದರೆ ಬೆಣ್ಣೆ ಸವರಿದ ಬಟರ್ ಪೇಪರನ್ನು ಸವರಿದ ಮೈ ಕೆಳಗಾಗುವಂತೆ ಹೊದಿಸಬಹುದು. ಅದೂ ಇಲ್ಲವಾದರೆ ಬೆಣ್ಣೆಯ ತುಂಡನ್ನು ಬಿಸಿ ಕ್ರೀಮಿನ ಮೇಲೆಲ್ಲ ಸವರಿ, ಕರಗಿದ ಬೆಣ್ಣೆಯ ತೆಳು ಪದರವೇ ಗಾಳಿಯನ್ನು ತಡೆಯುತ್ತದೆ. ಆರುವವರೆಗೂ ಕದಡುತ್ತಲೇ ಇದ್ದರೆ ಪೊರೆ ಕಟ್ಟದು ಎಂಬುದು ನಿಜ, ಆದರೆ ಕಟ್ಟಿಕೊಳ್ಳಬೇಕಾದ ಹೊತ್ತಿನಲ್ಲಿ ಕದಡಿದರೆ ಕ್ರೀಮ್ ಮೆತ್ತಗಾಗಿಯೇ ಉಳಿಯುತ್ತದೆ. ಎಕ್ಲೇರ್‌ಗೆ ಅದು ಬೇಡ.

ತಟ್ಟೆಯನ್ನು ಐಸ್ ಹಾಕಿದ ದೊಡ್ಡ ತಟ್ಟೆಯ ಮೇಲಿಟ್ಟು ಅರ್ಧ ಗಂಟೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ನಮ್ಮ ಬೇಸಿಗೆಯಲ್ಲಿ ಹಾಲು ಮೊಟ್ಟೆಯ ಕ್ರೀಮನ್ನು ಅಡುಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡುವುದು ಹೊಟ್ಟೆ ಕೆಡಿಸಿಕೊಳ್ಳುವ ದಾರಿ. ಎರಡು ಗಂಟೆಯೊಳಗೆ ಅದು ಪೂರ್ತಿ ತಣ್ಣಗಾಗಿರಬೇಕು. ನಾಲ್ಕು ಗಂಟೆಯ ನಂತರ ಬಳಸಲು ಸಿದ್ಧ.

ಫ್ರಿಜ್ಜಿನಿಂದ ತೆಗೆದಾಗ ಅದು ಹಲ್ವದಂತೆ ಒಂದೇ ಹೋಳಾಗಿ ಎದ್ದು ಬಂದರೆ ಹೆದರಬೇಡಿ, ಸರಿಯಾಗಿ ಬೆಂದಿದೆ. ಕೈ ವಿಸ್ಕ್‌ನಿಂದ ಇಪ್ಪತ್ತು ಸೆಕೆಂಡ್ ಕದಡಿದರೆ ನುಣುಪಾಗುತ್ತದೆ. ಮೆಷಿನ್ನಿನಲ್ಲಿ ನಿಮಿಷಗಟ್ಟಲೆ ಹೊಡೆದರೆ ಸಡಿಲಾಗುತ್ತದೆ, ಮತ್ತೆ ಗಟ್ಟಿಯಾಗುವುದಿಲ್ಲ.

ಕೆಟ್ಟಾಗ ಕಾರಣ ಹುಡುಕುವುದು

ಜರಡಿಯಲ್ಲಿ ಉಳಿದ ಗಂಟನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಜಾರುವಂತಿದ್ದು, ಅರೆಪಾರದರ್ಶಕವಾಗಿದ್ದು, ಒಡೆದರೆ ಒಳಗೆ ಬಿಳಿ ಪುಡಿ ಕಂಡರೆ ಅದು ಪಿಷ್ಟದ ಗಂಟು. ಹಿಟ್ಟು ಸರಿಯಾಗಿ ಕಲಸಿರಲಿಲ್ಲ ಅಥವಾ ತಳಕ್ಕಿಳಿದಿತ್ತು. ಹಳದಿಯಾಗಿದ್ದು ರವೆರವೆಯಾಗಿ ಪುಡಿಯಾದರೆ ಅದು ಮೊಟ್ಟೆ. ಹಾಲನ್ನು ಬೇಗ ಸುರಿದಿರಬೇಕು, ಇಲ್ಲವೇ ಪಾತ್ರೆಯ ಮೂಲೆಗೆ ವಿಸ್ಕ್ ಮುಟ್ಟಿರಲಿಕ್ಕಿಲ್ಲ. ಕಂದು ಚುಕ್ಕೆಗಳಿದ್ದರೆ ತಳ ಹಿಡಿದಿದೆ. ಅಂಥಾಗ ತಳ ಕೆರೆಯದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಸುರಿದು ರುಚಿ ನೋಡಿ. ಸೀದ ವಾಸನೆ ಹತ್ತಿದ್ದರೆ ಯಾವ ಎಸೆನ್ಸೂ ಅದನ್ನು ಮುಚ್ಚುವುದಿಲ್ಲ.

ಪೊರೆ ಕಟ್ಟಿಯೇಬಿಟ್ಟಿದ್ದರೆ ಅದನ್ನು ಒಳಗೆ ಕದಡಬೇಡಿ, ಚೂರುಚೂರಾಗಿ ಉಳಿಯುತ್ತದೆ. ಮೇಲಿಂದ ಪೂರ್ತಿ ಎತ್ತಿ ತೆಗೆದು ಉಳಿದದ್ದನ್ನು ಸೋಸಿ.

ಹಿಟ್ಟಿನ ರುಚಿ ಉಳಿದದ್ದು ಬಿಸಿಯಿರುವಾಗಲೇ ಗೊತ್ತಾದರೆ, ಬೆಣ್ಣೆ ಹಾಕುವ ಮುನ್ನ, ಎರಡು ಚಮಚ ಹಾಲು ಸೇರಿಸಿ ಮತ್ತೆ ಕುದಿಗೆ ತಂದು ಒಂದು ನಿಮಿಷ ಬೇಯಿಸಿ. ಪೂರ್ತಿ ಬೆಂದ ಮೇಲೂ ವಾಸನೆ ಹೋಗದಿದ್ದರೆ ಕಾರ್ನ್‌ಫ್ಲೋರ್ ಅಳತೆ ಮೀರಿದೆ. ಅಥವಾ ಪುಡಿಯೇ ಹಳತು. ತೆರೆದ ಪೊಟ್ಟಣ ಮಸಾಲೆ ಡಬ್ಬಗಳ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತರೆ ಅವುಗಳ ವಾಸನೆ ಹೀರಿಕೊಂಡಿರುತ್ತದೆ.

ಇನ್ನು ತೀರಾ ಗೊಂದಲ ಹುಟ್ಟಿಸುವ ತೊಂದರೆ ಒಂದಿದೆ. ರಾತ್ರಿ ಒಂಬತ್ತಕ್ಕೆ ಮೇಲಿನ ಅಳತೆಯಲ್ಲೇ ಕ್ರೀಮ್ ಮಾಡಿದ್ದಾರೆ. ಕದಡುತ್ತಿರುವಾಗ ಮಂದವಾಯಿತು, ಥರ್ಮಾಮೀಟರ್ 80 ತೋರಿಸಿತು, ಇಳಿಸಿದರು. ತಟ್ಟೆಗೆ ಹರಡಿದಾಗ ಗಟ್ಟಿಯಾಗಿಯೇ ಇತ್ತು. ಬೆಳಿಗ್ಗೆ ಎಕ್ಲೇರ್ ತುಂಬಲು ತೆಗೆದರೆ ತಟ್ಟೆ ವಾಲಿಸಿದ ಕಡೆಗೆ ಹರಿಯುತ್ತಿದೆ. ಕಾರ್ನ್‌ಫ್ಲೋರ್ ಕಡಿಮೆಯಾಯಿತೆಂದು ಮುಂದಿನ ಸಲ 55 ಗ್ರಾಂ ಹಾಕುತ್ತಾರೆ. ಆಗಲೂ ಕುದಿಸುವುದಿಲ್ಲವಾದ್ದರಿಂದ ಹಸಿ ವಾಸನೆ ಹೆಚ್ಚುತ್ತದೆ, ಬೆಳಗಾಗುವಷ್ಟರಲ್ಲಿ ಸಡಿಲವೂ ಆಗುತ್ತದೆ. ಕೊರತೆ ಇದ್ದದ್ದು ಹಿಟ್ಟಿನದಲ್ಲ, ಕೊನೆಯ ಹದಿನೈದು ಡಿಗ್ರಿಯದು. ಕಿಣ್ವ ಬದುಕಿ ಉಳಿದು ರಾತ್ರಿಯಿಡೀ ಪಿಷ್ಟವನ್ನು ಕತ್ತರಿಸಿದೆ. ಇದನ್ನು ಗುರುತಿಸುವುದು ಸುಲಭ: ಹಿಟ್ಟು ಕಡಿಮೆಯಾಗಿದ್ದರೆ ಕ್ರೀಮ್ ಮಾಡಿದ ದಿನವೇ ತೆಳುವಾಗಿರುತ್ತದೆ, ಕಿಣ್ವದ ಕೆಲಸವಾದರೆ ಮೊದಲು ಗಟ್ಟಿಯಿದ್ದು ಹೊತ್ತು ಕಳೆದಂತೆ ಸಡಿಲಾಗುತ್ತದೆ. ಅಂಥ ಕ್ರೀಮನ್ನು ಹೂರಣಕ್ಕಾಗಿ ಮತ್ತೆ ಗಟ್ಟಿ ಮಾಡಲು ಹೋಗುವುದಕ್ಕಿಂತ ಹೊಸದಾಗಿ ಮಾಡುವುದೇ ಮೇಲು.

ಇಡುವುದು, ಮತ್ತು ಮೊಟ್ಟೆ ಬಳಸದವರಿಗೆ

ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಮೂರನೆಯ ದಿನಕ್ಕೆ ಅಂಚಿನಲ್ಲಿ ನೀರು ಬಿಡತೊಡಗುತ್ತದೆ. ಫ್ರೀಜರಿನಲ್ಲಿ ಇಡುವಂತಿಲ್ಲ. ಕಾರ್ನ್‌ಫ್ಲೋರ್ ಕಟ್ಟಿಹಿಡಿದ ನೀರನ್ನು ಹೆಪ್ಪುಗಟ್ಟಿ ಕರಗುವಾಗ ಬಿಟ್ಟುಕೊಡುತ್ತದೆ, ಉಳಿಯುವುದು ಸ್ಪಂಜಿನಂಥ ಮುದ್ದೆ.

ಮೊಟ್ಟೆಯಿಲ್ಲದೆ ಮಾಡುವವರು 500 ಮಿ.ಲೀ. ಹಾಲಿನಲ್ಲಿ 100 ಮಿ.ಲೀ. ಬದಲಿಗೆ ಫ್ರೆಶ್ ಕ್ರೀಮ್ ಹಾಕಿ, ಕಾರ್ನ್‌ಫ್ಲೋರ್ 45 ಗ್ರಾಂ, ಬೆಣ್ಣೆ 60 ಗ್ರಾಂ ತೆಗೆದುಕೊಳ್ಳಿ. ಹಿಟ್ಟನ್ನು ಕದಡಲು ಹಳದಿ ಇಲ್ಲದ್ದರಿಂದ 100 ಮಿ.ಲೀ. ತಣ್ಣನೆಯ ಹಾಲು ಎತ್ತಿಟ್ಟುಕೊಳ್ಳಬೇಕು. ಕಸ್ಟರ್ಡ್ ಪೌಡರ್ ಬಳಸಿದರೂ ಸರಿ, ಅದು ಬಹುಪಾಲು ಬಣ್ಣ ಮತ್ತು ವೆನಿಲ್ಲಾ ಸೇರಿಸಿದ ಕಾರ್ನ್‌ಫ್ಲೋರೇ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ತಯಾರಿಸಿದ್ದ. ಇಲ್ಲಿ ಕಿಣ್ವದ ಕಾಟವಿಲ್ಲ, ಆದರೆ ಹಸಿ ವಾಸನೆಯನ್ನು ಮರೆಮಾಚುವ ಮೊಟ್ಟೆಯ ರುಚಿಯೂ ಇಲ್ಲ. ಹಾಗಾಗಿ ಮೊದಲ ಗುಳ್ಳೆಯ ನಂತರ ಒಂದು ನಿಮಿಷದ ಬದಲು ಎರಡು ನಿಮಿಷ ಬೇಯಿಸಿ.